ಕ್ಲೈಂಟ್ ಜೊತೆ ಫೋನಿನಲ್ಲಿ ಆದ ಮಾತನ್ನು ಅದೇ ದಿನ ಬರೆದು ಖಚಿತ ಮಾಡಿಕೊಳ್ಳುವುದು ಹೇಗೆ

ನಾನು ಕೈಪಿಡಿ, ವರದಿ, ಪುಸ್ತಕಗಳಿಗೆ ಪುಟ ವಿನ್ಯಾಸ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗೆ 32 ಪುಟಗಳ ತರಬೇತಿ ಕೈಪಿಡಿ ಮಾಡುತ್ತಿದ್ದೆ. ಕೆಲಸ ಅರ್ಧ ಆಗಿದ್ದಾಗ ಅಲ್ಲಿನ ಮೇಡಂ ಫೋನ್ ಮಾಡಿದರು. "ಹೊಸ ಅಧ್ಯಾಯ ಒಂದಿದೆ, 8 ಪುಟ ಆಗತ್ತೆ, ಸೇರಿಸಿಬಿಡಿ" ಎಂದರು. "ಆಗಲಿ ಮೇಡಂ, ಅದಕ್ಕೆ ಬೇರೆ ಆಗತ್ತೆ" ಎಂದೆ. "ಸರಿ ಸರಿ" ಎಂದರು. ಅಷ್ಟೇ ಮಾತು.

ನಾನು 40 ಪುಟ ಮಾಡಿ ಕಳಿಸಿದೆ, ಬಿಲ್ಲಿನಲ್ಲಿ ಕಾಲು ಭಾಗ ಜಾಸ್ತಿ ಹಾಕಿದೆ. ಆ ಮೇಡಂ ನಿಜವಾಗಿಯೂ ಗಾಬರಿಯಾದರು. ಹಳೆಯ ಒಂದು ಅಧ್ಯಾಯ ತೆಗೆದು ಆ ಜಾಗದಲ್ಲಿ ಹೊಸದನ್ನು ಕೂರಿಸುತ್ತೇನೆ, ಒಟ್ಟು 32 ಪುಟವೇ ಇರುತ್ತದೆ ಎಂದು ಅವರು ತಿಳಿದಿದ್ದರು. ಪ್ರೆಸ್ಸಿಗೆ 32 ಪುಟ ಎಂದು ಆರ್ಡರ್ ಕೂಡ ಕೊಟ್ಟಾಗಿತ್ತು. ಇನ್ನು ನಾನು ಹೇಳಿದ "ಬೇರೆ ಆಗತ್ತೆ"? "ಬೇರೆ ಟೈಮ್ ಬೇಕು ಅಂತಿದ್ದೀರಿ ಅಂದ್ಕೊಂಡೆ" ಎಂದರು. ನನ್ನ ಮನಸ್ಸಿನಲ್ಲಿದ್ದದ್ದು ಬೇರೆ ದುಡ್ಡು.

ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಒಂದೇ ಮಾತಿಗೆ ಇಬ್ಬರ ತಲೆಯಲ್ಲಿ ಎರಡು ಚಿತ್ರ ಇತ್ತು, ಅದು ಗೊತ್ತಾಗಿದ್ದು ಬಿಲ್ ಹೋದ ದಿನ. ಮಾತನ್ನು ಬರೆದು ಖಚಿತ ಮಾಡುವ ಪತ್ರವನ್ನು ತುಂಬಾ ಜನ ಮುಂದೆ ಜಗಳ ಬಂದರೆ ತೋರಿಸಲು ಇಟ್ಟುಕೊಳ್ಳುವ ಸಾಕ್ಷಿ ಎಂದುಕೊಳ್ಳುತ್ತಾರೆ. ಅದಕ್ಕೂ ಆಗುತ್ತದೆ, ನಿಜ. ಆದರೆ ಅದರ ಮುಖ್ಯ ಕೆಲಸ ಬೇರೆ: ಆ ಎರಡನೇ ಚಿತ್ರವನ್ನು ಮೊದಲ ದಿನವೇ ಹೊರಗೆ ತರುವುದು. ಕ್ಲೈಂಟ್ ಓದಿ "ಅಯ್ಯೋ, ನಾನು ಹೇಳಿದ್ದು ಹಾಗಲ್ಲ" ಎಂದರೆ ಪತ್ರ ಗೆದ್ದ ಹಾಗೆ. ಹಾಗೆ ಅನ್ನಿಸುವಂತೆ ಅದನ್ನು ಬರೆಯಬೇಕು.

ಫೋನ್ ಇಡುವ ಮೊದಲು

ಪತ್ರ ಶುರುವಾಗುವುದು ಫೋನಿನಲ್ಲೇ. ಮಾತಾಡುತ್ತಿರುವಾಗ ಒಂದು ಹಾಳೆಯ ಮಧ್ಯೆ ಗೆರೆ ಎಳೆದುಕೊಳ್ಳಿ. ಎಡಗಡೆ "ಆಯ್ತು", ಬಲಗಡೆ "ನೋಡೋಣ". ಒಪ್ಪಿದ್ದೆಲ್ಲ ಎಡಕ್ಕೆ, ಬರೀ ಚರ್ಚೆಯಾಗಿದ್ದು ಬಲಕ್ಕೆ. ಫೋನಿನಲ್ಲಿ ಈ ಎರಡೂ ಒಂದೇ ದನಿಯಲ್ಲಿ ಬರುತ್ತವೆ. "ಮುಖಪುಟಾನೂ ಹೊಸದು ಮಾಡಿದ್ರೆ ಚೆನ್ನಾಗಿರತ್ತೆ ಅಲ್ವಾ" ಅನ್ನುವುದು ಆರ್ಡರೋ ಆಸೆಯೋ? ಅನುಮಾನ ಬಂದರೆ ಬಲಗಡೆ ಬರೆಯಿರಿ.

ಇಡುವ ಮುನ್ನ ಎಡಗಡೆ ಇರುವುದನ್ನು ಒಮ್ಮೆ ಓದಿ ಹೇಳಿ. ಅರ್ಧ ನಿಮಿಷ ಸಾಕು. ಓದುವಾಗ ಆ ಕಡೆಯ "ಹ್ಞೂಂ" ಯಾವಾಗ ನಿಲ್ಲುತ್ತದೆ ಎಂದು ಗಮನ ಇಡಿ. ಅವರು ಸುಮ್ಮನಾದ ಜಾಗದಲ್ಲಿ ಏನೋ ಇದೆ. ಅಲ್ಲೇ ನಿಲ್ಲಿಸಿ ಕೇಳಿ.

ಆಮೇಲೆ ಒಂದು ಮಾತು ಸೇರಿಸಿ: "ಈಗ ಮಾತಾಡಿದ್ದನ್ನ ಬರೆದು ಕಳಿಸ್ತೀನಿ. ನಾನು ಕೇಳಿಸಿಕೊಂಡಿದ್ದು ತಪ್ಪಾಗಿದ್ರೆ ತಿದ್ದಿಬಿಡಿ." ಇದನ್ನು ಹೇಳದೆ ಕಳಿಸಿದರೆ ಕೆಲವರಿಗೆ "ಇವರಿಗೆ ನನ್ನ ಮೇಲೆ ನಂಬಿಕೆ ಇಲ್ವಾ" ಅನ್ನಿಸುತ್ತದೆ. ಹೇಳಿ ಕಳಿಸಿದರೆ ಯಾರಿಗೂ ಬೇಸರ ಆಗುವುದಿಲ್ಲ.

ಯಾವಾಗ, ಯಾರಿಗೆ, ಎಲ್ಲಿ

ಅದೇ ದಿನ ಕಳಿಸಿ, ಸಾಧ್ಯವಾದರೆ ಒಂದೆರಡು ಗಂಟೆಯೊಳಗೆ. ಮೂರು ದಿನ ಬಿಟ್ಟು ಬರೆದರೆ ನಿಮ್ಮ ನೆನಪಿಗೆ ನಿಮಗೆ ಬೇಕಾದ ಆಕಾರ ಬಂದಿರುತ್ತದೆ, ಅವರ ನೆನಪಿಗೆ ಅವರಿಗೆ ಬೇಕಾದದ್ದು. ಪತ್ರ ಕಳಿಸುವ ತನಕ ಹೊಸ ಕೆಲಸ ಶುರು ಮಾಡಬೇಡಿ. ಶುರು ಮಾಡಿದ ಮೇಲೆ ತಪ್ಪು ಸಿಕ್ಕರೆ, ಆಗಿರುವ ಕೆಲಸದ ಖರ್ಚು ಯಾರದು ಎಂಬ ಇನ್ನೊಂದು ಜಗಳ ಹುಟ್ಟುತ್ತದೆ.

ಇಮೇಲ್‌ನಲ್ಲೇ ಕಳಿಸಿ. ಚಾಟ್‌ನಲ್ಲಿ ಬರೆದದ್ದು ಅಳಿಸಬಹುದು, ತಿದ್ದಬಹುದು, ಫೋನ್ ಬದಲಾದರೆ ಕಳೆದೂ ಹೋಗಬಹುದು. ಜೊತೆಗೆ ಹಬ್ಬದ ಶುಭಾಶಯದ ನಡುವೆ ಸಿಕ್ಕಿಕೊಂಡ ಒಪ್ಪಂದವನ್ನು ಆಮೇಲೆ ಹುಡುಕುವುದೇ ಕಷ್ಟ. ಕ್ಲೈಂಟ್ ಚಾಟ್ ಬಿಟ್ಟು ಬೇರೇನೂ ನೋಡುವುದಿಲ್ಲ ಎಂದಾದರೆ ಇಮೇಲ್ ಕಳಿಸಿ, "ಮೇಲ್ ಕಳಿಸಿದ್ದೀನಿ, ನೋಡಿ ಉತ್ತರಿಸಿ" ಎಂದು ಚಾಟ್‌ನಲ್ಲಿ ತಿಳಿಸಿ.

ಹಳೆಯ ಮೇಲ್‌ಗೆ ಉತ್ತರವಾಗಿ ಸೇರಿಸದೆ ಹೊಸದಾಗಿ ಶುರು ಮಾಡಿ. ವಿಷಯದ ಸಾಲಿನಲ್ಲಿ ಕೆಲಸದ ಹೆಸರು ಮತ್ತು ಮಾತಾಡಿದ ದಿನಾಂಕ ಇರಲಿ. ಮಾತಾಡಿದವರಿಗೆ ಹಣ ಒಪ್ಪುವ ಅಧಿಕಾರ ಇಲ್ಲದಿದ್ದರೆ, ಅಧಿಕಾರ ಇರುವವರಿಗೂ ಅದೇ ಮೇಲ್ ಹೋಗಬೇಕು. ಅವರನ್ನು ಸೇರಿಸುವ ಮುಂಚೆ ನಿಮ್ಮ ಜೊತೆ ಮಾತಾಡಿದವರಿಗೆ ಒಂದು ಮಾತು ತಿಳಿಸಿ, ಇಲ್ಲದಿದ್ದರೆ ಅವರ ತಲೆ ಮೇಲಿಂದ ಹೋದಂತೆ ಆಗುತ್ತದೆ.

ಪತ್ರ

ಆ 40 ಪುಟದ ಗೊಂದಲ ಹೇಗೋ ಬಗೆಹರಿಯಿತು. ಜಾಸ್ತಿ ಮೊತ್ತದಲ್ಲಿ ಅರ್ಧ ನಾನು ಬಿಟ್ಟೆ, ಅರ್ಧ ಅವರು ಕೊಟ್ಟರು. ಮುಂದೆ ಕೈಪಿಡಿಯ ಎರಡನೇ ಮುದ್ರಣಕ್ಕೆ ಅದೇ ಮೇಡಂ ಮತ್ತೆ ಫೋನ್ ಮಾಡಿದರು. ಅವತ್ತು ಮಾರ್ಚ್ 11, ಮಂಗಳವಾರ. ಇಪ್ಪತ್ತು ನಿಮಿಷ ಮಾತಾಡಿದೆವು. ಅದಾಗಿ ಒಂದು ಗಂಟೆಯಲ್ಲಿ ನಾನು ಕಳಿಸಿದ ಮೇಲ್ ಇದು:

> ವಿಷಯ: ತರಬೇತಿ ಕೈಪಿಡಿ, 2ನೇ ಮುದ್ರಣ – ಮಾರ್ಚ್ 11ರ ಫೋನ್ ಮಾತಿನ ವಿವರ, ನೋಡಿ ತಿಳಿಸಿ
>
> ಮೇಡಂ, ನಮಸ್ಕಾರ.
>
> ಇವತ್ತು ಬೆಳಿಗ್ಗೆ 11 ಗಂಟೆಗೆ ಫೋನಿನಲ್ಲಿ ನಾವು ಮಾತಾಡಿದ್ದನ್ನು ನನಗೆ ಅರ್ಥವಾದ ಹಾಗೆ ಕೆಳಗೆ ಬರೆದಿದ್ದೇನೆ.
>
> 1. ಈಗಿನ 40 ಪುಟಗಳಿಗೆ 8 ಹೊಸ ಪುಟ ಸೇರುತ್ತವೆ. ಹಳೆಯದು ಯಾವುದೂ ಹೋಗುವುದಿಲ್ಲ. ಒಟ್ಟು 48 ಪುಟ, ಮುಖಪುಟ ಇದರಲ್ಲಿ ಸೇರಿಲ್ಲ.
>
> 2. ಹಳೆಯ 12 ನಕ್ಷೆಗಳನ್ನು ಹೊಸದಾಗಿ ಬರೆಯುತ್ತೇನೆ. ಹೊಸ ಫೋಟೋ ಹುಡುಕುವುದು, ಕೊಳ್ಳುವುದು ಮತ್ತು ಅಕ್ಷರ ತಪ್ಪು ತಿದ್ದುವುದು ನನ್ನ ಕೆಲಸದಲ್ಲಿ ಇಲ್ಲ.
>
> 3. ಹೊಸ 8 ಪುಟಗಳ ಬರಹ ಮಾರ್ಚ್ 14, ಶುಕ್ರವಾರದೊಳಗೆ ನೀವು ಕಳಿಸುತ್ತೀರಿ. ಪೂರ್ತಿ ಬರಹ ಸಿಕ್ಕ ಮಾರನೇ ಕೆಲಸದ ದಿನದಿಂದ 10 ಕೆಲಸದ ದಿನಗಳಲ್ಲಿ ಮೊದಲ ಪ್ರತಿ ಕೊಡುತ್ತೇನೆ. 14ಕ್ಕೆ ಸಿಕ್ಕರೆ ಮಾರ್ಚ್ 28ಕ್ಕೆ. ತಡವಾದರೆ ಈ ದಿನಾಂಕವೂ ಅಷ್ಟೇ ಮುಂದೆ ಹೋಗುತ್ತದೆ.
>
> 4. ಎರಡು ಸುತ್ತು ತಿದ್ದುಪಡಿ ಇದೇ ಮೊತ್ತದಲ್ಲಿ ಸೇರಿದೆ.
>
> 5. ಮೊತ್ತ: ಮೊದಲ ಮುದ್ರಣಕ್ಕೆ ಕೊಟ್ಟ ಒಟ್ಟು ಮೊತ್ತದ ಶೇ. 60. ಅದರಲ್ಲಿ ಅರ್ಧ ಕೆಲಸ ಶುರುವಾಗುವ ಮುಂಚೆ, ಉಳಿದ ಅರ್ಧ ಪ್ರೆಸ್ಸಿಗೆ ಹೋಗುವ ಫೈಲ್ ಕೊಟ್ಟ 7 ದಿನದೊಳಗೆ.
>
> ಇನ್ನೂ ತೀರ್ಮಾನ ಆಗದೆ ಇರುವುದು: ಮುಖಪುಟ ಹೊಸದಾಗಿ ಮಾಡಬೇಕೇ ಎಂಬುದು. ಮಾಡುವುದಾದರೆ ಅದರ ಮೊತ್ತ ಬೇರೆ ಮಾತಾಡೋಣ. ಸದ್ಯಕ್ಕೆ ಹಳೆಯದೇ ಇರುತ್ತದೆ ಎಂದುಕೊಂಡು ಮುಂದುವರಿಯುತ್ತೇನೆ.
>
> ಇದರಲ್ಲಿ ಯಾವುದಾದರೂ ನೀವು ಅಂದುಕೊಂಡ ಹಾಗೆ ಇಲ್ಲದಿದ್ದರೆ ದಯವಿಟ್ಟು ಅಂಶದ ನಂಬರ್ ಬರೆದು ತಿಳಿಸಿ. ಎಲ್ಲ ಸರಿ ಇದ್ದರೆ "1ರಿಂದ 5 ಒಪ್ಪಿದೆ" ಎಂದು ಉತ್ತರಿಸಿ. ಮಾರ್ಚ್ 13, ಗುರುವಾರ ಸಂಜೆಯೊಳಗೆ ಉತ್ತರ ಸಿಕ್ಕರೆ ಶುಕ್ರವಾರ ಕೆಲಸಕ್ಕೆ ಜಾಗ ಮಾಡಿಕೊಳ್ಳುತ್ತೇನೆ.

ಇದಕ್ಕಿಂತ ಉದ್ದ ಬೇಡ. ಎರಡು ಪರದೆ ದಾಟಿದರೆ ಕ್ಲೈಂಟ್ ಓದುವುದಿಲ್ಲ, "ಓಕೆ" ಎಂದು ಸುಮ್ನೆ ಕಳಿಸಿಬಿಡುತ್ತಾರೆ. ಓದದೆ ಬಂದ ಒಪ್ಪಿಗೆಯಿಂದ ಗೊಂದಲ ಹೊರಗೆ ಬರುವುದಿಲ್ಲ.

ಇದರ ಕೆಲವು ಸಾಲುಗಳ ಬಗ್ಗೆ ಹೇಳಬೇಕು. ಮೊದಲನೇ ಅಂಶದಲ್ಲಿ "8 ಪುಟ ಸೇರುತ್ತವೆ" ಎಂದು ಬರೆದು ನಿಲ್ಲಿಸಬಹುದಿತ್ತು. ಹಿಂದಿನ ಸಲ ಎಡವಿದ್ದು ಅಲ್ಲೇ. ಬದಲಾವಣೆ ಎಷ್ಟು ಎಂದು ಮಾತ್ರ ಬರೆದರೆ ಓದುವವರು ತಮ್ಮ ಲೆಕ್ಕಕ್ಕೆ ಅದನ್ನು ಕೂಡಿಸಿಕೊಳ್ಳುತ್ತಾರೆ. ಕೊನೆಗೆ ಒಟ್ಟು ಎಷ್ಟು ಎಂದು ಬರೆದರೆ ಅವರ ತಲೆಯಲ್ಲಿರುವ ಅಂಕಿಗೆ ಅದು ನೇರವಾಗಿ ಡಿಕ್ಕಿ ಹೊಡೆಯುತ್ತದೆ. ಪುಟ, ಗಂಟೆ, ಹಣ, ಯಾವುದೇ ಆಗಲಿ, ಬದಲಾವಣೆ ಮತ್ತು ಒಟ್ಟು ಎರಡನ್ನೂ ಬರೆಯಿರಿ. ನಮ್ಮ ಕೆಲಸದಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಪ್ರೆಸ್ಸಿನವರು ಪುಟಗಳನ್ನು ಒಂದು ದೊಡ್ಡ ಹಾಳೆಗೆ 8 ಅಥವಾ 16ರಂತೆ, ಫಾರಂ ಲೆಕ್ಕದಲ್ಲಿ ಅಚ್ಚು ಹಾಕುತ್ತಾರೆ. ಒಟ್ಟು ಬದಲಾದರೆ ಅಲ್ಲಿನ ಖರ್ಚೂ ಬದಲಾಗುತ್ತದೆ, ಆ ಖರ್ಚು ಕ್ಲೈಂಟ್‌ನದು.

ಎರಡನೇ ಅಂಶದ "ನನ್ನ ಕೆಲಸದಲ್ಲಿ ಇಲ್ಲ" ಎಂಬ ಮಾತು ಬರೆಯಲು ಮುಜುಗರ ಆಗುತ್ತದೆ. ಆದರೂ ಬರೆಯಿರಿ. ಏನೇನು ಇಲ್ಲ ಎಂದು ಹತ್ತು ಸಾಲು ಬರೆಯಬೇಕಾಗಿಲ್ಲ. ಕ್ಲೈಂಟ್ ಸಹಜವಾಗಿ "ಇದೂ ಇವರೇ ಮಾಡ್ತಾರೆ" ಎಂದುಕೊಳ್ಳಬಹುದಾದ ಎರಡೋ ಮೂರೋ ಸಂಗತಿ ಸಾಕು. ಅವು ಯಾವುವು ಎಂದು ನಿಮ್ಮ ಹಳೆಯ ಜಗಳಗಳೇ ಹೇಳುತ್ತವೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಅಂಶ. ಫೋನಿನಲ್ಲಿ ಕ್ಲೈಂಟ್ "28ಕ್ಕೆ ಕೊಡ್ತೀರಲ್ವಾ" ಎಂದು ಕೇಳಿದ್ದರು, ನಾನು "ಕೊಡ್ತೀನಿ" ಎಂದಿದ್ದೆ, ಅದಕ್ಕೆ ಮುಂಚೆ ಅವರು "ಶುಕ್ರವಾರ ಬರಹ ಕಳಿಸ್ತೀವಿ" ಎಂದಿದ್ದರು. ಮಾತಿನಲ್ಲಿ ಈ ಎರಡೂ ಬೇರೆ ಬೇರೆ ವಾಕ್ಯ. ಬರಹ ಒಂದು ವಾರ ತಡವಾದರೂ 28 ಮಾತ್ರ ಎಲ್ಲರ ನೆನಪಿನಲ್ಲಿ ಉಳಿಯುತ್ತದೆ. ಹಾಗಾಗಿ ನಿಮ್ಮ ದಿನಾಂಕವನ್ನು ಅವರು ಕೊಡಬೇಕಾದ ವಸ್ತುವಿಗೆ ಕಟ್ಟಿಹಾಕಿ ಬರೆಯಬೇಕು. ಎಲ್ಲಿಂದ ಎಣಿಸುತ್ತೀರಿ, ರಜಾದಿನ ಸೇರುತ್ತದೋ ಇಲ್ಲವೋ, ಅರ್ಧ ಬರಹ ಸಿಕ್ಕರೆ ಎಣಿಕೆ ಶುರುವಾಗುತ್ತದೋ, ಇಷ್ಟೂ ಆ ಒಂದೆರಡು ಸಾಲಿನಲ್ಲಿ ಇರಲಿ. "ಮುಂದಿನ ಶುಕ್ರವಾರ" ಎಂದು ಮಾತ್ರ ಬರೆಯಬೇಡಿ. ಅದು ಈ ವಾರದ್ದೋ ಬರುವ ವಾರದ್ದೋ ಎಂದು ಒಬ್ಬೊಬ್ಬರು ಒಂದೊಂದು ರೀತಿ ತಿಳಿಯುತ್ತಾರೆ. ದಿನಾಂಕ ಮತ್ತು ವಾರ ಎರಡೂ ಬರೆದರೆ, ಒಂದರಲ್ಲಿ ನಿಮ್ಮ ಕೈ ತಪ್ಪಿದ್ದರೂ ಇನ್ನೊಂದು ಹಿಡಿದುಕೊಡುತ್ತದೆ.

ತೀರ್ಮಾನ ಆಗದೆ ಇರುವುದನ್ನೂ ಬರೆಯಿರಿ ಎಂದರೆ ಕೆಲವರಿಗೆ ಆಶ್ಚರ್ಯ. ಆ ಹಾಳೆಯ ಬಲಗಡೆಯ ಪಟ್ಟಿ ನೆನಪಿದೆಯಲ್ಲ? ಅದನ್ನು ಬಿಟ್ಟುಬಿಟ್ಟರೆ ಕ್ಲೈಂಟ್ ಅದನ್ನು ಒಪ್ಪಿದ್ದರ ಜೊತೆ ಸೇರಿಸಿಕೊಳ್ಳುತ್ತಾರೆ. ಅದು ತೀರ್ಮಾನ ಆಗುವ ತನಕ ನೀವು ಏನು ಮಾಡುತ್ತಿರುತ್ತೀರಿ ಎಂದೂ ಒಂದು ಸಾಲು ಹಾಕಿ.

ಒಂದು ಕೆಲಸ ಮಾತ್ರ ಮಾಡಲೇಬೇಡಿ. ಫೋನಿನಲ್ಲಿ ಆಡದೆ ಇದ್ದ ಷರತ್ತನ್ನು ಆಡಿದ ಹಾಗೆ ಪತ್ರದೊಳಗೆ ತೂರಿಸಬೇಡಿ. ಬರೆಯುವಾಗ ಏನೋ ಹೊಳೆಯುವುದು ಸಹಜ, ತಡವಾಗಿ ಹಣ ಕೊಟ್ಟರೆ ಬಡ್ಡಿ ಎಂದೋ, ಮೂಲ ಫೈಲ್ ನನ್ನ ಹತ್ತಿರವೇ ಇರುತ್ತದೆ ಎಂದೋ. ಕೇಳಬೇಕು ಅನ್ನಿಸಿದರೆ ಕೊನೆಯಲ್ಲಿ ಬೇರೆಯಾಗಿ "ಇದನ್ನು ನಾವು ಮಾತಾಡಿಲ್ಲ, ನನ್ನ ಕೋರಿಕೆ" ಎಂದು ಬರೆದು ಕೇಳಿ. ಒಂದೇ ಒಂದು ಸುಳ್ಳು ಸಾಲು ಸಿಕ್ಕರೂ ಉಳಿದ ಸಾಲುಗಳನ್ನು ಅವರು ಅನುಮಾನದಿಂದಲೇ ಓದುತ್ತಾರೆ.

ಉತ್ತರ ಬಂತೇ, ಏನು ಬಂತು

"ಎರಡು ದಿನದಲ್ಲಿ ಉತ್ತರ ಬರದಿದ್ದರೆ ಒಪ್ಪಿದಿರಿ ಎಂದು ತಿಳಿಯುತ್ತೇನೆ" ಎಂದು ಬರೆಯುವ ಅಭ್ಯಾಸ ತುಂಬಾ ಜನಕ್ಕಿದೆ. ಅದನ್ನು ನೆಚ್ಚಿಕೊಳ್ಳಬೇಡಿ. ಇದಕ್ಕೆ ಒಂದು ಹಳೆಯ ಕುದುರೆಯ ಕಥೆ ಇದೆ. ಇಂಗ್ಲೆಂಡಿನಲ್ಲಿ ಒಬ್ಬರು ತಮ್ಮ ಸೋದರನ ಮಗನಿಗೆ ಪತ್ರ ಬರೆದರು: ನಿನ್ನಿಂದ ಬೇರೆ ಮಾತು ಬರದಿದ್ದರೆ ಈ ಬೆಲೆಗೆ ಕುದುರೆ ನನ್ನದು ಎಂದುಕೊಳ್ಳುತ್ತೇನೆ. ಹುಡುಗ ಉತ್ತರ ಬರೆಯಲಿಲ್ಲ. ಕೊಡುವ ಮನಸ್ಸು ಅವನಿಗೆ ಇತ್ತು, ತನ್ನ ಜಾನುವಾರುಗಳನ್ನು ಮಾರಲಿದ್ದ ಹರಾಜುದಾರನಿಗೆ ಆ ಕುದುರೆಯನ್ನು ಹರಾಜಿನಿಂದ ಬಿಟ್ಟುಬಿಡಲು ಹೇಳಿಯೂ ಇದ್ದ. ಹರಾಜುದಾರ ಮರೆತು ಮಾರಿಬಿಟ್ಟ. ಹಿರಿಯರು ಹರಾಜುದಾರನ ಮೇಲೆ ದಾವೆ ಹಾಕಿದರು. ಸುಮ್ಮನಿರುವುದು ಒಪ್ಪಿಗೆ ಅಲ್ಲ, ಹಾಗಾಗಿ ಕುದುರೆ ನಿಮ್ಮದಾಗಿಯೇ ಇರಲಿಲ್ಲ ಎಂದು 1862ರಲ್ಲಿ ನ್ಯಾಯಾಲಯ ಹೇಳಿತು. ಫೆಲ್ಟ್‌ಹೌಸ್ ವಿರುದ್ಧ ಬಿಂಡ್ಲಿ ಎಂಬ ಈ ಪ್ರಕರಣವನ್ನು ಕಾನೂನು ಓದುವವರು ಇವತ್ತಿಗೂ ಓದುತ್ತಾರೆ.

ಎಲ್ಲ ಕಡೆಯೂ ಹೀಗೇ ಎಂದಲ್ಲ. ಜರ್ಮನಿಯಲ್ಲಿ ವ್ಯಾಪಾರಿಗಳ ನಡುವೆ ಆದ ಮಾತನ್ನು ಒಬ್ಬರು ಬರೆದು ಖಚಿತ ಮಾಡಿದಾಗ ಇನ್ನೊಬ್ಬರು ಬೇಗ ಆಕ್ಷೇಪ ಹೇಳದಿದ್ದರೆ, ಆ ಪತ್ರದಲ್ಲಿ ಇದ್ದದ್ದೇ ಒಪ್ಪಂದ ಆಗಬಹುದು. ಆದ್ದರಿಂದ ಇದನ್ನು ಎರಡೂ ಕಡೆಯಿಂದ ನೋಡಿ: ನೀವು ಕಳಿಸಿದಾಗ ಅವರ ಮೌನವನ್ನು ನೆಚ್ಚಬೇಡಿ, ಅವರು ಕಳಿಸಿದಾಗ ನೀವು ಸುಮ್ಮನಿರಬೇಡಿ. ತಪ್ಪು ಕಂಡರೆ ಆ ದಿನವೇ ಉತ್ತರಿಸಿ.

ಉತ್ತರ ಬರದಿದ್ದರೆ ಫೋನ್ ಮಾಡಿ ಕೇಳಿ. "ಹ್ಞಾಂ, ನೋಡಿದೆ, ಸರಿ ಇದೆ" ಎಂದರೆ ಅದೇ ಮೇಲ್‌ಗೆ ನೀವೇ ಒಂದು ಸಾಲು ಸೇರಿಸಿ: "ಇವತ್ತು ಸಂಜೆ 4ಕ್ಕೆ ಫೋನಿನಲ್ಲಿ 1ರಿಂದ 5 ಸರಿ ಇದೆ ಎಂದಿರಿ, ಅದರಂತೆ ಶುರು ಮಾಡುತ್ತಿದ್ದೇನೆ." ಅವರೇ ಬರೆದ ಉತ್ತರದಷ್ಟು ಗಟ್ಟಿ ಅಲ್ಲ, ಆದರೆ ಖಾಲಿ ಮೌನಕ್ಕಿಂತ ಎಷ್ಟೋ ಮೇಲು.

ಬಂದ ಉತ್ತರವನ್ನೂ ನಿಧಾನವಾಗಿ ಓದಿ. "ನೋಡ್ತೀನಿ" ಒಪ್ಪಿಗೆ ಅಲ್ಲ. "ಸರಿ, ಆದರೆ…" ಎಂದು ಶುರುವಾಗಿದ್ದು ಸಹ ಒಪ್ಪಿಗೆ ಅಲ್ಲ, ಅದು ಹೊಸ ಮಾತು. ಇನ್ನು ಹೆಬ್ಬೆರಳಿನ ಚಿತ್ರ? 2023ರಲ್ಲಿ ಕೆನಡಾದ ಸಸ್ಕ್ಯಾಚೆವಾನ್ ಪ್ರಾಂತ್ಯದಲ್ಲಿ ಇದೇ ಪ್ರಶ್ನೆ ಕೋರ್ಟಿಗೆ ಹೋಯಿತು. ಅಗಸೆ ಬೀಜ ಕೊಳ್ಳುವವರು ಒಪ್ಪಂದದ ಫೋಟೋ ಕಳಿಸಿ "ಖಚಿತ ಮಾಡಿ" ಎಂದಾಗ ರೈತ ಹೆಬ್ಬೆರಳಿನ ಚಿತ್ರ ಕಳಿಸಿದ್ದ. ಸಿಕ್ಕಿತು ಎಂದು ತಿಳಿಸಿದೆ ಅಷ್ಟೇ ಎಂಬುದು ಅವನ ವಾದ. ಅವರಿಬ್ಬರ ನಡುವೆ ಹಿಂದೆಯೂ ಇಂಥ ಚುಟುಕು ಸಂದೇಶಗಳಲ್ಲೇ ಒಪ್ಪಂದ ನಡೆದಿತ್ತು ಎಂಬುದನ್ನು ನೋಡಿ, ಅದು ಒಪ್ಪಿಗೆಯೇ ಎಂದು ನ್ಯಾಯಾಧೀಶರು ಹೇಳಿದರು. ಹಿಂದಿನ ರೂಢಿ ಬೇರೆ ಇದ್ದಿದ್ದರೆ ತೀರ್ಪು ಬೇರೆ ಆಗಬಹುದಿತ್ತು. ಅದಕ್ಕೇ ನಾನು ಪತ್ರದಲ್ಲಿ ಉತ್ತರದ ಮಾತನ್ನೇ ಬರೆದುಕೊಟ್ಟಿರುತ್ತೇನೆ: "1ರಿಂದ 5 ಒಪ್ಪಿದೆ". ಅವರು ಅದನ್ನು ನಕಲು ಮಾಡಿದರೆ ಸಾಕು.

ಈ ಪತ್ರದಿಂದ ಆಗದ ಕೆಲಸಗಳೂ ಇವೆ. ಮೊದಲೇ ಸಹಿ ಹಾಕಿದ ಒಪ್ಪಂದದಲ್ಲಿ "ಬದಲಾವಣೆಗೆ ಇಬ್ಬರ ಸಹಿ ಬೇಕು" ಎಂದಿದ್ದರೆ ಮೇಲ್ ಸಾಲದೆ ಹೋಗಬಹುದು. ಆಗ ಮೇಲ್ ಜೊತೆ ಸಹಿಗೆ ಒಂದು ಪುಟವನ್ನೂ ಕಳಿಸಿ. ಜಮೀನು ವ್ಯವಹಾರದಂಥ ಕೆಲವನ್ನು ಇಂಥದೇ ರೂಪದಲ್ಲಿ ಬರೆಯಬೇಕು ಎಂದು ಕಾನೂನೇ ಹೇಳುತ್ತದೆ, ಅಲ್ಲಿ ವಕೀಲರನ್ನೇ ಕೇಳಬೇಕು.

"ಸರಿ, ಆದರೆ" ಬಂದಾಗ

ಬುಧವಾರ ಮಧ್ಯಾಹ್ನ ಮೇಡಂ ಉತ್ತರ ಬಂತು. "1, 2, 3, 5 ಸರಿ. 4ರಲ್ಲಿ ಎರಡು ಸುತ್ತು ಅಂದಿದ್ದೀರಿ. ನಮ್ಮಲ್ಲಿ ಮೂರು ಜನ ನೋಡಬೇಕು. ಒಬ್ಬೊಬ್ಬರು ಎರಡು ಸಲ ನೋಡಬಹುದು ಅಂತ ತಾನೇ?"

ಅಂದರೆ ನನ್ನ ಎರಡು ಸುತ್ತು ಅವರ ಲೆಕ್ಕದಲ್ಲಿ ಆರು. ಫೋನಿನಲ್ಲಿ "ಎರಡು ಸುತ್ತು" ಎಂದಾಗ ಅವರು ಹೂಂಗುಟ್ಟಿದ್ದರು, ನಾನು ಓದಿ ಹೇಳಿದಾಗಲೂ ತಡವರಿಸಿರಲಿಲ್ಲ. ತಪ್ಪು ನನ್ನದೇ. ಪುಟಗಳ ವಿಷಯದಲ್ಲಿ ಅಷ್ಟು ಎಚ್ಚರ ವಹಿಸಿದವನು ಸುತ್ತು ಎಂದರೆ ಏನು ಎಂದು ಬರೆದಿರಲಿಲ್ಲ. ನನಗೆ ಅದು ದಿನಾ ಬಳಸುವ ಪದ, ಅವರಿಗಲ್ಲ. ಪತ್ರ ಕಳಿಸುವ ಮುಂಚೆ ನಿಮ್ಮ ಕಸುಬಿನ ಪದಗಳ ಮೇಲೆ ಒಮ್ಮೆ ಬೆರಳಾಡಿಸಿ: ಕರಡು, ಸುತ್ತು, ಅಂತಿಮ ಪ್ರತಿ, ಸಣ್ಣ ಬದಲಾವಣೆ. ನಿಮಗೆ ಯಾವ ಪದ ಅತಿ ಸಲೀಸೋ ಅದನ್ನೇ ಬಿಡಿಸಿ ಬರೆಯಬೇಕು.

ಇಂಥ ಉತ್ತರ ಬಂದಾಗ ಮೇಲ್‌ನಲ್ಲೇ ವಾದಕ್ಕೆ ಇಳಿಯಬೇಡಿ, ಫೋನ್ ಮಾಡಿ. ಆರು ನಿಮಿಷದಲ್ಲಿ ಮುಗಿಯಿತು. ಮೂರೂ ಜನ ನೋಡಲಿ, ಆದರೆ ಮೂವರ ತಿದ್ದುಪಡಿಯನ್ನೂ ಮೇಡಂ ಒಂದೇ ಪಟ್ಟಿ ಮಾಡಿ ಕಳಿಸುತ್ತಾರೆ ಎಂದಾಯಿತು. ಒಬ್ಬರು ಊರಲ್ಲಿ ಇರುವುದಿಲ್ಲ ಎಂದು ಮೂರನೇ ಸುತ್ತು ಒಂದನ್ನು ನಾನು ಒಪ್ಪಿಕೊಂಡೆ.

ಆಮೇಲೆ ಬದಲಾದ ಸಾಲನ್ನು ಮಾತ್ರ ಕಳಿಸಿದರೆ ಒಪ್ಪಂದ ಎರಡು ಮೇಲ್‌ಗಳಲ್ಲಿ ಹಂಚಿಹೋಗುತ್ತದೆ. ಐದೂ ಅಂಶಗಳನ್ನು ಮತ್ತೆ ಪೂರ್ತಿ ಬರೆದು, "ಮಾರ್ಚ್ 11ರ ಮೇಲ್ ಬದಲು ಇದನ್ನು ಇಟ್ಟುಕೊಳ್ಳಿ, ಬದಲಾಗಿರುವುದು 4 ಮಾತ್ರ" ಎಂದು ಮೇಲೆ ಹಾಕಿದೆ. ನಾಲ್ಕನೆಯದು ಹೀಗಾಯಿತು:

> 4. ಮೂರು ಸುತ್ತು ತಿದ್ದುಪಡಿ ಇದೇ ಮೊತ್ತದಲ್ಲಿ ಸೇರಿದೆ. ಒಂದು ಸುತ್ತು ಎಂದರೆ: ನಿಮ್ಮ ಕಡೆಯ ಎಲ್ಲರ ತಿದ್ದುಪಡಿಗಳನ್ನೂ ನೀವು ಒಂದೇ ಪಟ್ಟಿಯಾಗಿ ಕಳಿಸುವುದು, ಅದನ್ನು ನಾನು ಮಾಡಿ ಪ್ರತಿಯನ್ನು ವಾಪಸ್ ಕಳಿಸುವುದು. ಪಟ್ಟಿ ಕಳಿಸಿದ ಮೇಲೆ ಬಂದ ತಿದ್ದುಪಡಿ ಮುಂದಿನ ಸುತ್ತಿಗೆ ಹೋಗುತ್ತದೆ. ನಾಲ್ಕನೇ ಸುತ್ತು ಬೇಕಾದರೆ ಅದರ ಮೊತ್ತ ಮೊದಲೇ ಮಾತಾಡೋಣ.

ಗುರುವಾರ ಬೆಳಿಗ್ಗೆ "1ರಿಂದ 5 ಒಪ್ಪಿದೆ" ಎಂದು ಬಂತು. ಎರಡೂ ಮೇಲ್‌ಗಳನ್ನು ಪಿಡಿಎಫ್ ಮಾಡಿ, ದಿನಾಂಕ ಹೆಸರಿಗೆ ಹಾಕಿ, ಆ ಕೆಲಸದ ಫೋಲ್ಡರಿನಲ್ಲಿ ಇಟ್ಟೆ.

ಬರಹ 14ಕ್ಕೆ ಬರಲಿಲ್ಲ. ಪೂರ್ತಿ ಸಿಕ್ಕಿದ್ದು ಮಾರ್ಚ್ 18, ಮಂಗಳವಾರ ಸಂಜೆ. ನಾನು ಒಂದೇ ಸಾಲು ಬರೆದೆ: "ಬರಹ ಇವತ್ತು ಪೂರ್ತಿ ಸಿಕ್ಕಿತು ಮೇಡಂ. 3ನೇ ಅಂಶದ ಪ್ರಕಾರ ನಾಳೆಯಿಂದ 10 ಕೆಲಸದ ದಿನ, ಮೊದಲ ಪ್ರತಿ ಏಪ್ರಿಲ್ 1, ಮಂಗಳವಾರ." ಹತ್ತು ನಿಮಿಷದಲ್ಲಿ ಉತ್ತರ ಬಂತು: "ಹೌದು, ಪ್ರೆಸ್ಸಿನವರಿಗೂ ತಿಳಿಸಿದ್ದೀನಿ. 48 ಪುಟ ಅಂತಾನೇ ಹೇಳಿದ್ದೀನಿ."